ಶನಿವಾರ ಕಾಫಿ ಕ್ಯೂನಲ್ಲಿ ಸಿಕ್ಕಿದ್ವಲ್ಲ, ಆ ಅರ್ಕಾವತ್ತಿನ ವಿಷಯ

ಸ್ಮಿತಾ ಅವ್ರೇ ನಮಸ್ಕಾರ,

ನಾನು ಸಾಗರದ ಶ್ರೀಧರ. ಶನಿವಾರ ಮೈಸೂರಲ್ಲಿ ನಿಮ್ಮ ಟಾಕ್ ಮುಗಿದ್ಮೇಲೆ ಕಾಫಿ ಕ್ಯೂನಲ್ಲಿ ಮೊಬೈಲ್ ಹಿಡ್ಕೊಂಡು ಹಳೇ ಪುಸ್ತಕದ ಫೋಟೋ ತೋರಿಸ್ತಿದ್ನಲ್ಲ, ಅಷ್ಟರಲ್ಲಿ ಯಾರೋ ಕರೆದ್ರು, ನೀವು "ಮೇಲ್ ಹಾಕಿ ಸರ್" ಅಂತ ಹೇಳಿ ಹೊರಟ್ರಿ. ಅದಕ್ಕೇ ಈ ಮೇಲ್.

ನಿಮ್ಮ ಸ್ಲೈಡಲ್ಲಿ "ಸೂರ್ಯ" ಹೋಗಿ ಒಸಿಆರ್‌ನಲ್ಲಿ "ಸೂಯ೯" ಆಗಿ ಬಂದಿತ್ತಲ್ಲ, ಹಾಲಲ್ಲಿ ಎಲ್ರೂ ನಕ್ರು. ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಹೋದ ಮಳೆಗಾಲ ಪೂರ್ತಿ ನಾನು ಕೂತು ತಿದ್ದಿದ್ದು ಅದನ್ನೇ! ಸ್ಕ್ಯಾನರ್‌ದೇ ತಪ್ಪು ಅಂದ್ಕೊಂಡು ಡಿಪಿಐ 300 ಇದ್ದಿದ್ದನ್ನ 600 ಮಾಡಿದ್ದೆ, ಫೈಲ್ ದಪ್ಪ ಆಯ್ತೇ ಹೊರತು ಇನ್ನೇನೂ ಆಗ್ಲಿಲ್ಲ. ಅಚ್ಚಲ್ಲಿ ಅರ್ಕಾವತ್ತು ಅಕ್ಷರ ಆದ್ಮೇಲೆ ಬರುತ್ತೆ, ಯೂನಿಕೋಡಲ್ಲಿ ರ್ ಅಕ್ಷರಕ್ಕಿಂತ ಮೊದ್ಲು ಕೂರ್ಬೇಕು ಅಂತ ನೀವು ಬಿಡಿಸಿ ಹೇಳಿದ್ಮೇಲೆ ತಲೆಗೆ ಹೋಯ್ತು.

ಊರಿಗೆ ಬಂದು ಭಾನುವಾರ ರಾತ್ರಿನೇ ಶುರು ಹಚ್ಕೊಂಡೆ. ಮೊದ್ಲು ಪೆದ್ದು ಪೆದ್ದಾಗಿ ೯ ಕಂಡಲ್ಲೆಲ್ಲ ರ್ ಹಾಕಿದೆ, ೧೯೪೯ ಹೋಗಿ ೧ರ್೪ರ್ ಆಯ್ತು. ಆಮೇಲೆ ಅಕ್ಷರಕ್ಕೆ ಅಂಟ್ಕೊಂಡಿರೋ ೯ ಮಾತ್ರ ಹಿಡಿದು, ಆ ಅಕ್ಷರಾನ ಗುಣಿತದ ಸಮೇತ ಎತ್ತಿ ಅದಕ್ಕಿಂತ ಮೊದ್ಲು ರ್ ಇಟ್ಟೆ. "ಕೀತಿ೯" ಚೆನ್ನಾಗಿ "ಕೀರ್ತಿ" ಆಯ್ತು. ಆದ್ರೆ ಜಾಗ ಬಿಡದೆ "ಪುಟ೯" ಅಂತ ಇದ್ದಿದ್ದು "ಪುರ್ಟ" ಆಗಿ ಕೂತಿದೆ ನೋಡಿ.

ಪದಕೋಶದ ಜೊತೆ ತಾಳೆ ನೋಡಿದ್ರೆ ಇಂಥವು ಸಿಕ್ಕಿಬೀಳುತ್ತೆ ಅಂದ್ರಿ. ಪುರ್ಟಕ್ಕೆ ಸರಿನೇ, ಆದ್ರೆ ಈ ಪುಸ್ತಕದ ತುಂಬ ನಮ್ಮ ಕಡೆ ಹಳ್ಳಿ ಹೆಸ್ರು, ಮನೆತನದ ಹೆಸ್ರು, ಅವು ಯಾವ ಪದಕೋಶದಲ್ಲೂ ಇರಲ್ಲ, ಸರಿ ಇರೋದನ್ನೂ ಅದು ತಪ್ಪು ಅಂದುಬಿಡುತ್ತೆ ಅನ್ನೋದು ನನ್ನ ಅನುಮಾನ.

ಅದಕ್ಕೆ ಒಂದು ಚಿಕ್ಕ ಕೆಲ್ಸ ಕೇಳ್ತೀನಿ. ಈ ಮೇಲ್ ಜೊತೆ ಐದೇ ಐದು ಪುಟದ ಸ್ಕ್ಯಾನ್ ಇಟ್ಟಿದೀನಿ. ಅದನ್ನ ನಿಮ್ಮ ಸ್ಕ್ರಿಪ್ಟಿಗೆ ಒಂದ್ಸಲ ಕೊಟ್ಟು, ಬಂದಿದ್ದನ್ನ ಬಂದ ಹಾಗೇ ಕಳಿಸ್ತೀರಾ? ತಿದ್ದೋಕೆಲ್ಲ ಹೋಗ್ಬೇಡಿ. ಅದೇ ಐದು ಪುಟ ನಾನು ಕೈಯಲ್ಲಿ ಟೈಪ್ ಮಾಡಿ ಇಟ್ಕೊಂಡಿದೀನಿ, ಎರಡನ್ನೂ ಪಕ್ಕ ಇಟ್ಟು ತಪ್ಪು ಎಣಿಸಿ ಅರ್ಕಾವತ್ತಿನದೆಷ್ಟು, ಊರ ಹೆಸ್ರಿನದೆಷ್ಟು ಅಂತ ನಿಮಗೆ ವಾಪಸ್ ಬರೀತೀನಿ. ಲೇಖಕರು ತೀರ್ಕೊಂಡು 60 ವರ್ಷ ದಾಟಿದೆ, ಹಾಗಾಗಿ ಕಾಪಿರೈಟ್ ತಲೆನೋವಿಲ್ಲ, ನಿಮ್ಮ ಮುಂದಿನ ಸ್ಲೈಡಿಗೆ ಬೇಕಾದ್ರೆ ಧಾರಾಳವಾಗಿ ಹಾಕ್ಕೊಳ್ಳಿ.

ಮೂರನೇ ಪುಟದ ಮೂಲೆ ಗೆದ್ದಲು ತಿಂದಿದೆ, ಅಲ್ಲಿ ಏನು ಬಂದ್ರೂ ಲೆಕ್ಕಕ್ಕೆ ತಗೊಳಲ್ಲ. ಈ ವಾರ ಆಗದಿದ್ರೆ ಮುಂದಿನ ವಾರ, ಅವಸರ ಏನಿಲ್ಲ.

ಇಂತಿ,
ಶ್ರೀಧರ

(ಆವತ್ತು ನಿಮ್ಮ ಕಾಫಿ ಅಲ್ಲೇ ಟೇಬಲ್ ಮೇಲೆ ಉಳ್ಕೊಂಡಿತ್ತು, ತಣ್ಣಗಾಗುತ್ತಲ್ಲ ಅಂತ ನಾನೇ ಕುಡಿದೆ, ಕ್ಷಮೆ ಇರಲಿ)