ಅಕ್ಕಿಕಾಳಿಗೆ ಮುಂಚೆ ಓದಿ

ಬಸವರಾಜ ಅವರಿಗೆ,

ಈ ಚೀಟಿಯನ್ನು ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವೊಬ್ಬರೇ ಇದ್ದಾಗ ಕೊಡು ಅಂತ ಹೇಳಿದ್ದೇನೆ. ಇಲ್ಲಿ ಸುರಗಿ ನೀರು ಮುಗಿಯಿತು. ಅವ್ವನ ಇಳಕಲ್ ಸೀರೆ ಉಟ್ಟು ಕೂತಿದ್ದೇನೆ, ಕೆಂಪು ಟೋಪತೆನಿ ಸೆರಗು. ಅರಿಶಿಣ ಇನ್ನೂ ಉಗುರಿನ ಸಂದಿಯಲ್ಲೇ ಇದೆ, ಕಾಗದಕ್ಕೂ ಹತ್ತಿದೆ ನೋಡಿ.

ನಿಮ್ಮನ್ನು ಯಾಕೆ ಒಪ್ಪಿದೆ ಅಂತ ನಾನು ಹೇಳಿಯೇ ಇಲ್ಲ ಅಲ್ವಾ? ಕನ್ಯೆ ನೋಡೋಕೆ ಬಂದ ದಿನ ನೀವು ನನ್ನನ್ನು ಜಾಸ್ತಿ ಏನೂ ಕೇಳಲಿಲ್ಲ. ಅಪ್ಪನ ಹತ್ತಿರ ಕೂತು, "ಮಾವ, ಈ ಬಾಗಿಲು ಹಳೇದು ಕಾಣುತ್ತದಲ್ಲ?" ಅಂದಿರಿ. ಅದು ಹಳೇ ಬಾಗಲಕೋಟೆಯ ನಮ್ಮ ಮನೆ ಬಾಗಿಲು. ಆಲಮಟ್ಟಿ ಹಿನ್ನೀರಿಗೆ ಮನೆ ಹೋಯಿತು. ಅಪ್ಪ ಸಾಗವಾನಿ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ನವನಗರಕ್ಕೆ ತಂದರು. ಬೀಗರಾಗಲು ಬಂದ ಯಾರೂ ಅದನ್ನು ಕೇಳಿರಲಿಲ್ಲ. ಅವತ್ತು ಅಪ್ಪ ಪಡಸಾಲೆ, ಹಗೇವು, ಹೊಳೆ ದಂಡೆ ಎಲ್ಲಾ ಹೇಳುತ್ತಾ ಹೋದರು. ನೀವು ಚಹಾ ಆರಿದರೂ ಕೇಳುತ್ತಲೇ ಇದ್ದಿರಿ. ಒಳಗಿನಿಂದ ಕೇಳಿಸಿಕೊಳ್ಳುತ್ತಾ ನಿಂತಿದ್ದ ನನಗೆ ಅಷ್ಟು ಸಾಕಾಯಿತು.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಸಂಜೆ ಒಪ್ಪಿಸಿಕೊಡುವಾಗ ಅವ್ವ ಅಳುತ್ತಾಳೆ, ಅವಳ ಸುತ್ತ ಹತ್ತು ಜನ ಇರುತ್ತಾರೆ. ಅಪ್ಪ ಅಳೋದಿಲ್ಲ. ಹಂದರದ ಹಿಂದೆ ಅಡುಗೆಯವರ ಹತ್ತಿರ ಹೋಗಿ ಸುಮ್ನೆ ಪಾತ್ರೆ ಎಣಿಸುತ್ತಾ ನಿಲ್ಲುತ್ತಾರೆ. ಅಕ್ಕನ ಮದುವೆಯಲ್ಲೂ ಹಾಗೇ ಮಾಡಿದರು. ನೀವು ಹೋಗಿ ಅವರ ಪಕ್ಕ ಒಂದಿಷ್ಟು ಹೊತ್ತು ನಿಲ್ಲಿ. ಸಮಾಧಾನ ಹೇಳುವುದು ಬೇಡ. ಜಮಖಂಡಿಗೆ ಯಾವಾಗ ಬರುತ್ತೀರಿ ಅಂತ ಕೇಳಿದರೆ ಸಾಕು.

ನನಗೂ ಹೆದರಿಕೆ ಇದೆ. ನಿಮ್ಮ ಮನೆಯವರೆಲ್ಲ ಒಳ್ಳೆಯವರು, ಶಾಲೆಯ ಕೆಲಸ ಬಿಡಬೇಡ ಅಂತ ಅತ್ತೆಯೇ ಹೇಳಿದ್ದಾರೆ. ಆದರೂ ಬೆಳಗ್ಗೆ ಎದ್ದು ಯಾರ ಮನೆಯಲ್ಲಿದ್ದೇನೆ ಅನ್ನಿಸುವ ದಿನ ಬರಬಹುದು. ಅಂಥ ದಿನ ನಾನು ಸುಮ್ಮನಿದ್ದರೆ ಸಿಟ್ಟು ಅಂತ ತಿಳಿಯಬೇಡಿ, ಏನಾಯಿತು ಅಂತ ಕೇಳಿ. ನಿಮಗೆ ಬೇಜಾರಾದರೆ ನಾನೂ ಕೇಳುತ್ತೇನೆ. ಮೂರನೆಯವರ ಬಾಯಿಂದ ನಮ್ಮ ವಿಷಯ ನಮಗೆ ಗೊತ್ತಾಗುವುದು ಬೇಡ.

ಇನ್ನೊಂದು ಇದೆ. ಹೆಸರು ಹೇಳು ಅಂತ ಹೆಂಗಸರು ಬಿಡೋದಿಲ್ಲ. ಒಡಪು ನಾನೇ ಕಟ್ಟಿದ್ದೇನೆ. ಎಲ್ಲರೆದುರು ಹೇಳುವ ಮುಂಚೆ ನಿಮಗೆ ಹೇಳಬೇಕು ಅನ್ನಿಸಿತು:

ಹರಿದು ಹೊಂಟಾಳ ಘಟಪ್ರಭಾ ಕೃಷ್ಣಾ ಹೊಳಿಗೆ,
ಬಸವರಾಜರ ಕೈಹಿಡಿದು ಹೊಂಟೇನಿ ನಾ ಅವರ ಮನಿಗೆ.

ನಿಮಗೂ ಒಂದು ಬೇಕಾಗುತ್ತದೆ. ನನ್ನ ಹೆಸರಿಗೆ ಹೊಂದುವಂಥದ್ದು ನೀವೇ ಕಟ್ಟಿ, ಗೆಳೆಯರನ್ನು ಕೇಳಬೇಡಿ.

ದಂಡಿ ಕಟ್ಟೋಕೆ ಕರೆಯುತ್ತಿದ್ದಾರೆ. ಬೆಳಗ್ಗೆಯಿಂದ ನೀವು ಏನೂ ತಿಂದಿಲ್ಲವಂತೆ. ತಮ್ಮನ ಕೈಯಲ್ಲಿ ಎರಡು ಉಂಡಿ ಕೊಟ್ಟಿದ್ದೇನೆ, ಬಾಸಿಂಗ ಕಟ್ಟುವ ಮುಂಚೆ ತಿಂದುಬಿಡಿ.

ನಿಮ್ಮ,
ಗಂಗಾ