ಅಮ್ಮನ ಕ್ಲೇಮ್ ತಿರಸ್ಕಾರ: ಬಂದ ಪತ್ರ, ಬರೆದ ಉತ್ತರ

ಹೆಲ್ಪ್, ಚಿಕ್ಕಪ್ಪ. ಇವತ್ತು ಬಂದ ಪತ್ರ ಇದು.

*ದಿನಾಂಕ: 06-10-2025*
*ವಿಷಯ: ಕ್ಲೇಮ್ ಸಂಖ್ಯೆ 25-90417, ಮೊತ್ತ ರೂ. 1,38,460*

*ಮಾನ್ಯ ಗ್ರಾಹಕರೇ,*
*ತಮ್ಮ ತಾಯಿಯವರು 09-09-2025ರಿಂದ 13-09-2025ರವರೆಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಸಂಬಂಧ ಸಲ್ಲಿಸಿದ ಕ್ಲೇಮ್ ಪರಿಶೀಲಿಸಲಾಗಿದೆ. ಡಿಸ್ಚಾರ್ಜ್ ಸಮರಿಯ ಪ್ರಕಾರ ರೋಗಿಗೆ 10 ವರ್ಷಗಳಿಂದ ಮಧುಮೇಹವಿದೆ. ಪಾಲಿಸಿ ಆರಂಭವಾದದ್ದು 14-06-2019ರಂದು. ಪ್ರಪೋಸಲ್ ಫಾರ್ಮ್‌ನಲ್ಲಿ ಈ ಕಾಯಿಲೆಯನ್ನು ತಿಳಿಸಿಲ್ಲ. ಮಹತ್ವದ ಮಾಹಿತಿ ಮುಚ್ಚಿಟ್ಟ ಕಾರಣ ಕ್ಲೇಮ್ ತಿರಸ್ಕರಿಸಲಾಗಿದೆ.*
*ಕ್ಲೇಮ್ಸ್ ವಿಭಾಗ*

ಮಹೇಶ, ಗಾಬರಿಯಾಗಬೇಡ. ಮೊನ್ನೆ ನೀನು ಕಳಿಸಿದ ಆಸ್ಪತ್ರೆ ಕಾಗದಗಳನ್ನೆಲ್ಲ ಇದರ ಜೊತೆ ಇಟ್ಟು ಓದಿದೆ. ಫೋನಿನಲ್ಲಿ ಜಗಳ ಆಡಬೇಡ, ಅದಕ್ಕೆ ದಾಖಲೆ ಇರಲ್ಲ. ನಿನ್ನ ಹೆಸರಲ್ಲಿ ಬರೆದಿದ್ದೀನಿ. ಸಹಿ ಹಾಕಿ ಇಮೇಲ್ ಮಾಡು, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಹಾಕು.

ಹಾಸನ
13-10-2025

ಕುಂದುಕೊರತೆ ಪರಿಹಾರ ಅಧಿಕಾರಿಗಳಿಗೆ,

ವಿಷಯ: ಕ್ಲೇಮ್ ಸಂಖ್ಯೆ 25-90417 ತಿರಸ್ಕರಿಸಿದ್ದರ ವಿರುದ್ಧ ಮೇಲ್ಮನವಿ

ಮಾನ್ಯರೇ,

ನಿಮ್ಮ 06-10-2025ರ ಪತ್ರ ತಲುಪಿದೆ. ಅದರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಾವು ಏನನ್ನೂ ಮುಚ್ಚಿಟ್ಟಿಲ್ಲ.

ಅಮ್ಮನಿಗೆ ಶುಗರ್ ಇದೆ ಎಂದು ಗೊತ್ತಾಗಿದ್ದು 2024ರ ನವೆಂಬರ್‌ನಲ್ಲಿ. ಆಸ್ಪತ್ರೆಗೆ ಸೇರಿಸಿದಾಗ ಅದಕ್ಕೆ 10 ತಿಂಗಳಾಗಿತ್ತು, 10 ವರ್ಷ ಅಲ್ಲ. ಅವತ್ತು ರಾತ್ರಿ ಒಂದೂವರೆ ಗಂಟೆ. ಅಮ್ಮ ಹೊಟ್ಟೆ ಹಿಡಿದುಕೊಂಡು ವೀಲ್‌ಚೇರ್‌ನಲ್ಲಿ ಮುದುರಿ ಕೂತಿದ್ದರು. ಡ್ಯೂಟಿ ಡಾಕ್ಟರ್ ಕೇಳಿದಾಗ "ಹತ್ತು ತಿಂಗಳಿಂದ ಮಾತ್ರೆ ತಗೋತಿದ್ದಾರೆ" ಎಂದು ಹೇಳಿದ್ದು ನಾನೇ. ಅವರು ಕೈಯಲ್ಲಿ ಬರೆದ ದಾಖಲಾತಿ ಹಾಳೆಯಲ್ಲಿ "10 ಎಂ" ಎಂದೇ ಇದೆ. ನಾಲ್ಕು ದಿನದ ನಂತರ ಡಿಸ್ಚಾರ್ಜ್ ಸಮರಿ ಟೈಪ್ ಮಾಡುವಾಗ ಅದು "10 ವರ್ಷ" ಆಗಿದೆ. ಈ ತಪ್ಪನ್ನು ಚಿಕಿತ್ಸೆ ಕೊಟ್ಟ ಸರ್ಜನ್ ಒಪ್ಪಿಕೊಂಡು, ಸಹಿ ಮತ್ತು ಸೀಲ್ ಹಾಕಿ ತಿದ್ದುಪಡಿ ಪತ್ರ ಕೊಟ್ಟಿದ್ದಾರೆ.

ಇನ್ನೊಂದು ಮಾತು. ಪಾಲಿಸಿ ಕೊಡುವ ಮೊದಲು, 2019ರ ಜೂನ್‌ನಲ್ಲಿ, ಅಮ್ಮನಿಗೆ ರಕ್ತ ಪರೀಕ್ಷೆ ಮಾಡಿಸಿದ್ದು ನಿಮ್ಮ ಕಂಪನಿಯೇ. ಲ್ಯಾಬ್ ಆರಿಸಿದ್ದೂ ನೀವೇ. ಆ ವರದಿಯಲ್ಲಿ ಖಾಲಿ ಹೊಟ್ಟೆಯ ಶುಗರ್ 92, ಎಚ್‌ಬಿಎ1ಸಿ 5.4. 2015ರಿಂದಲೇ ಮಧುಮೇಹ ಇದ್ದು, ಯಾವ ಮಾತ್ರೆಯನ್ನೂ ತೆಗೆದುಕೊಳ್ಳದವರ ರಕ್ತದಲ್ಲಿ ಈ ಅಂಕಿ ಬರುತ್ತದೆಯೇ? ಆ ವರದಿ ನಿಮ್ಮ ಫೈಲಿನಲ್ಲೇ ಇರಬೇಕು. ತೆಗೆದು ನೋಡಿದ್ದರೆ ಈ ಪತ್ರ ಬರುತ್ತಲೇ ಇರಲಿಲ್ಲ.

ಇದೆಲ್ಲ ಇಲ್ಲದಿದ್ದರೂ ನಿಮ್ಮ ಕಾರಣ ನಿಲ್ಲುವುದಿಲ್ಲ. ಐಆರ್‌ಡಿಎಐ 2024ರಲ್ಲಿ ಆರೋಗ್ಯ ವಿಮೆಯ ಮೊರಟೋರಿಯಂ ಅವಧಿಯನ್ನು 8 ವರ್ಷದಿಂದ 5 ವರ್ಷಕ್ಕೆ ಇಳಿಸಿದೆ. ಸತತ 60 ತಿಂಗಳು ತುಂಬಿದ ಪಾಲಿಸಿಯಲ್ಲಿ, ಮಾಹಿತಿ ತಿಳಿಸಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಅದಕ್ಕೆ ಅವಕಾಶ. ಕಳೆದ ಜೂನ್‌ನಲ್ಲಿ ನವೀಕರಿಸಿ ನೀವು ಕಳಿಸಿದ ಪಾಲಿಸಿ ಪುಸ್ತಕದಲ್ಲೂ ಈ ನಿಯಮ ಇದೆ. ಅಮ್ಮ ಆಸ್ಪತ್ರೆ ಸೇರುವ ಹೊತ್ತಿಗೆ ನಮ್ಮ ಪಾಲಿಸಿಗೆ 74 ತಿಂಗಳು ತುಂಬಿತ್ತು. ಒಂದು ಕಂತೂ ತಪ್ಪಿಲ್ಲ. ವಿಮಾ ಮೊತ್ತ ಮೊದಲ ದಿನದಿಂದಲೂ 5 ಲಕ್ಷವೇ. ವಂಚನೆಯ ಆರೋಪವನ್ನು ನೀವೂ ಮಾಡಿಲ್ಲ.

ಕ್ಲೇಮ್ ತಿರಸ್ಕರಿಸುವ ಮೊದಲು ಕಂಪನಿಯ ಕ್ಲೇಮ್ಸ್ ರಿವ್ಯೂ ಕಮಿಟಿಯ ಒಪ್ಪಿಗೆ ಬೇಕು. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದು ಎಂದೂ ಹೇಳಬೇಕು. ನಿಮ್ಮ ಪತ್ರದಲ್ಲಿ ಎರಡೂ ಇಲ್ಲ. ಕಮಿಟಿಯ ತೀರ್ಮಾನದ ಪ್ರತಿ ಕಳಿಸಿಕೊಡಿ.

ಆಸ್ಪತ್ರೆಯ ಬಿಲ್ ಕಟ್ಟಲು ಅಮ್ಮನ ನಾಲ್ಕು ಬಳೆಗಳನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದೇನೆ. ತಿಂಗಳು ತಿಂಗಳು ಬಡ್ಡಿ ಏರುತ್ತಿದೆ. ಅದಕ್ಕಿಂತ ಜಾಸ್ತಿ ನೋವಾಗಿರುವುದು ಅಮ್ಮನಿಗೆ. "ನಾನೇನು ಸುಳ್ಳು ಹೇಳಿದ್ದೆನಾ?" ಎಂದು ದಿನಾ ಕೇಳುತ್ತಾರೆ. ದುಡ್ಡಿನ ಜೊತೆಗೆ, ಅವರು ಏನನ್ನೂ ಮುಚ್ಚಿಟ್ಟಿಲ್ಲ ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ತಿರಸ್ಕಾರವನ್ನು ವಾಪಸ್ ಪಡೆದು, ರೂ. 1,38,460 ಪೂರ್ತಿ ಮೊತ್ತವನ್ನು ತಡವಾದ ದಿನಗಳ ಬಡ್ಡಿಯೊಂದಿಗೆ ಪಾವತಿಸಿ. 14 ದಿನಗಳಲ್ಲಿ ಲಿಖಿತ ಉತ್ತರ ಕೊಡಿ. ನ್ಯಾಯ ಸಿಗದಿದ್ದರೆ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ.

ಕೈಬರಹದ ದಾಖಲಾತಿ ಹಾಳೆ, ಸರ್ಜನ್ ಅವರ ತಿದ್ದುಪಡಿ ಪತ್ರ, 2019ರ ಮತ್ತು 2024ರ ರಕ್ತ ಪರೀಕ್ಷೆ ವರದಿಗಳು, ಎಲ್ಲ ವರ್ಷಗಳ ಪ್ರೀಮಿಯಂ ರಸೀದಿ ಮತ್ತು ನಿಮ್ಮ ಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಮಹೇಶ
(ಪಾಲಿಸಿದಾರ)