ಮಳೆಗಾಲದ ಮಲೆನಾಡು: ಆಷಾಢ ಆಹಾರೋತ್ಸವದ ಯೋಜನೆ (17ರಿಂದ 23 ಜುಲೈ 2026)

ಇವರಿಗೆ: ಪ್ರಧಾನ ವ್ಯವಸ್ಥಾಪಕರು
ಇವರಿಂದ: ಆಹಾರ ಮತ್ತು ಪಾನೀಯ ವಿಭಾಗದ ವ್ಯವಸ್ಥಾಪಕರು, ಮೈಸೂರು
ದಿನಾಂಕ: 8 ಜೂನ್ 2026

ಮಾನ್ಯರೇ,

ಆಷಾಢದಲ್ಲಿ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳು ನಡೆಯುವುದಿಲ್ಲವಾದ್ದರಿಂದ ನಮ್ಮ ಸಭಾಂಗಣ ಖಾಲಿ ಇರುತ್ತದೆ, ಅದರ ಜೊತೆಗೆ ರೆಸ್ಟೋರೆಂಟಿನ ವ್ಯಾಪಾರವೂ ಇಳಿಯುತ್ತದೆ ಎಂಬುದು ತಮಗೆ ತಿಳಿದೇ ಇದೆ. ಈ ವರ್ಷ ಅಧಿಕ ಜ್ಯೇಷ್ಠ ಬಂದಿರುವ ಕಾರಣ ಆಷಾಢವು ಜುಲೈ ಮಧ್ಯದಿಂದ ಆಗಸ್ಟ್ 12ರ ಭೀಮನ ಅಮಾವಾಸ್ಯೆಯವರೆಗೆ ನಡೆಯಲಿದೆ. ಕೋಣೆಗಳ ದರದಲ್ಲಿ ರಿಯಾಯಿತಿ ಕೊಟ್ಟು ಈ ಕೊರತೆಯನ್ನು ತುಂಬುವುದಕ್ಕಿಂತ, ಮಳೆ ಹಿಡಿದಾಗ ಮಾತ್ರ ರುಚಿಗೆ ಬರುವ ಊಟವೊಂದನ್ನು ನಗರದವರಿಗೆ ಬಡಿಸಿ ರೆಸ್ಟೋರೆಂಟನ್ನು ತುಂಬುವುದು ಮೇಲು ಎಂಬುದು ನಮ್ಮ ವಿಭಾಗದ ಅಭಿಪ್ರಾಯವಾಗಿದ್ದು, ಅದರ ವಿವರವಾದ ಯೋಜನೆಯನ್ನು ತಮ್ಮ ಅನುಮೋದನೆಗಾಗಿ ಸಲ್ಲಿಸುತ್ತಿದ್ದೇವೆ.

ಪರಿಕಲ್ಪನೆ

ಮಲೆನಾಡಿನ ಊಟವೆಂದು ಹೋಟೆಲುಗಳಲ್ಲಿ ಸಾಮಾನ್ಯವಾಗಿ ಬಡಿಸುವುದು ಅಕ್ಕಿರೊಟ್ಟಿ ಮತ್ತು ಕೋಳಿಸಾರನ್ನು ಮಾತ್ರ. ಆದರೆ ಸಾಗರ, ಹೊಸನಗರ, ಶಿರಸಿ ಕಡೆಯ ಹವ್ಯಕರ ಅಡುಗೆಮನೆ ಬೇರೆ, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ ಕಡೆಯ ಒಕ್ಕಲಿಗರ ಅಡುಗೆಮನೆ ಬೇರೆ. ತಂಬುಳಿ, ಅಪ್ಪೆಹುಳಿ, ತೊಡೆದೇವು ಮೊದಲನೆಯದರಿಂದ ಬಂದರೆ, ಕಡುಬು–ಕೋಳಿಸಾರು ಮತ್ತು ಹೊಳೆಮೀನಿನ ಸಾರು ಎರಡನೆಯದರ ಹೆಮ್ಮೆ. ಇವೆರಡನ್ನೂ ಒಂದೇ ಬಫೆಯಲ್ಲಿ ಕಲಸಿಬಿಟ್ಟರೆ ಯಾವುದೂ ತನ್ನ ರುಚಿಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮಧ್ಯಾಹ್ನ ಪೂರ್ಣ ಸಸ್ಯಾಹಾರದ ಬಾಳೆಎಲೆ ಊಟವನ್ನೂ, ರಾತ್ರಿ ಕಡುಬು–ರೊಟ್ಟಿಗಳನ್ನು ನಡುವೆ ಇಟ್ಟುಕೊಂಡ ಮಿಶ್ರ ಊಟವನ್ನೂ ಬಡಿಸಲು ಉದ್ದೇಶಿಸಿದ್ದೇವೆ. ಮಧ್ಯಾಹ್ನದ ಅಡುಗೆಗೆ ಪಾತ್ರೆ, ಒಲೆ ಮತ್ತು ಬಡಿಸುವವರನ್ನು ಪ್ರತ್ಯೇಕವಾಗಿ ಇಡಲಾಗುವುದು ಹಾಗೂ ಈ ವಿಷಯವನ್ನು ಪ್ರಚಾರದಲ್ಲಿಯೂ ಸ್ಪಷ್ಟವಾಗಿ ಹೇಳಲಾಗುವುದು.

ದಿನಾಂಕಗಳನ್ನು ಆರಿಸುವಾಗ ಎರಡು ಸಂಗತಿಗಳನ್ನು ಗಮನಿಸಿದ್ದೇವೆ. ಜುಲೈ 17 ಮೊದಲನೆಯ ಆಷಾಢ ಶುಕ್ರವಾರವಾದ್ದರಿಂದ ಚಾಮುಂಡಿಬೆಟ್ಟಕ್ಕೆ ಹೊರಊರುಗಳಿಂದ ಬರುವವರ ಸಂಖ್ಯೆ ದೊಡ್ಡದಿರುತ್ತದೆ, ದರ್ಶನ ಮುಗಿಸಿ ಇಳಿದವರಿಗೆ ಮಧ್ಯಾಹ್ನದ ಎಲೆ ಊಟ ಹಿಡಿಸುತ್ತದೆ. ಜುಲೈ 25ರ ಶನಿವಾರ ಪ್ರಥಮ ಏಕಾದಶಿಯಾಗಿದ್ದು ನಮ್ಮ ಖಾಯಂ ಗ್ರಾಹಕರಲ್ಲಿ ಅನೇಕರು ಉಪವಾಸ ಮಾಡುವುದರಿಂದ, ಉತ್ಸವದ ವಾರಾಂತ್ಯ ಆ ದಿನಕ್ಕೆ ಬೀಳಬಾರದು. ಶುಕ್ರವಾರ ಆರಂಭಿಸಿ ಗುರುವಾರ ಮುಗಿಸಿದರೆ ಶನಿವಾರ, ಭಾನುವಾರ ಉಂಡವರ ಬಾಯಿಮಾತು ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ದಿನಗಳಿಗೆ ನೆರವಾಗುತ್ತದೆ.

ಮೆನು

ಮೆನುವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇವೆ. ಮೂವತ್ತು ಬಗೆಯ ತಿನಿಸುಗಳ ಹೆಸರು ಬರೆಯುವುದು ಸುಲಭ, ಆದರೆ ಮಳೆಗಾಲದ ಸಾಮಗ್ರಿ ಹೇಳಿದ ದಿನ ಹೇಳಿದಷ್ಟು ಸಿಗುವುದಿಲ್ಲ.

ಮಧ್ಯಾಹ್ನದ ಎಲೆಯಲ್ಲಿ ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಕೋಸಂಬರಿ, ಹಲಸಿನಕಾಯಿ ಹಪ್ಪಳ, ಒಂದು ಪಲ್ಯ, ಸೌತೆಕಾಯಿ ಸಾಸಿವೆ, ಪತ್ರೊಡೆ, ಅನ್ನ, ತಂಬುಳಿ, ಅಪ್ಪೆಹುಳಿ, ಮಂಗಳೂರು ಸೌತೆಯ ಹುಳಿ, ಸಿಹಿ ಮತ್ತು ಮಜ್ಜಿಗೆ ಇರುತ್ತವೆ. ಇವುಗಳಲ್ಲಿ ತಂಬುಳಿ ಪ್ರತಿದಿನ ಬದಲಾಗುತ್ತದೆ: ಒಂದೆಲಗ, ದೊಡ್ಡಪತ್ರೆ, ಶುಂಠಿ, ಮೆಂತ್ಯ ಹೀಗೆ. ತಂಬುಳಿಯನ್ನು ಬಿಸಿ ಮಾಡಬಾರದು ಮತ್ತು ಬಡಿಸುವ ಹೊತ್ತಿಗೆ ಸ್ವಲ್ಪ ಮುಂಚೆಯಷ್ಟೇ ಮಜ್ಜಿಗೆ ಬೆರೆಸಬೇಕು. ಬೆಳಿಗ್ಗೆಯೇ ಕಲಸಿಟ್ಟರೆ ಹುಳಿಯೇರಿ ಸೊಪ್ಪಿನ ಪರಿಮಳ ಹೋಗುತ್ತದೆ ಎಂಬುದನ್ನು ಅಡುಗೆಯವರಿಗೆ ಲಿಖಿತವಾಗಿ ಸೂಚಿಸಲಾಗುವುದು.

ಪಲ್ಯಕ್ಕೆ ಕಳಲೆ ನಮ್ಮ ಮೊದಲ ಆಯ್ಕೆ. ಎಳೆ ಬಿದಿರಿನ ಈ ಮೊಳಕೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಆ ಬಳಿಕ ಬೇಯಿಸಿದ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಈ ಕ್ರಮದಲ್ಲಿ ಒಂದು ದಿನವನ್ನೂ ಉಳಿಸುವಂತಿಲ್ಲ. ಕಾಡಿನಿಂದ ಅನುಮತಿಯಿಲ್ಲದೆ ಕಿತ್ತು ತಂದದ್ದು ನಮಗೆ ಬೇಡವಾದ್ದರಿಂದ ತೋಟದ ಬೇಲಿಯ ಬಿದಿರಿನ ಕಳಲೆಯನ್ನೇ ಕೊಳ್ಳುತ್ತೇವೆ, ಅದು ಸಾಲದ ದಿನ ಬಾಳೆದಿಂಡಿನ ಪಲ್ಯ ಮಾಡುತ್ತೇವೆ. ಪತ್ರೊಡೆಗೆ ಕೆಸುವಿನ ಎಳೆಯ ಎಲೆಗಳನ್ನೇ ಆರಿಸಿ, ದಪ್ಪ ನರ ತೆಗೆದು, ಹುಣಸೆಹುಳಿ ಧಾರಾಳವಾಗಿ ಸೇರಿಸಿದ ಹಿಟ್ಟು ಸವರಿ ಚೆನ್ನಾಗಿ ಬೇಯಿಸಬೇಕು. ಒಬ್ಬ ಗ್ರಾಹಕರ ಗಂಟಲು ತುರಿಸಿದರೂ ವಾರದ ಹೆಸರು ಕೆಟ್ಟಂತೆಯೇ ಸರಿ.

ಸಿಹಿಗೆ ತೊಡೆದೇವು ಮತ್ತು ಹಲಸಿನ ಹಣ್ಣಿನ ಕಡುಬನ್ನು ಇಟ್ಟಿದ್ದೇವೆ. ಜುಲೈ ಮೂರನೆಯ ವಾರಕ್ಕೆ ಹಲಸು ಮುಗಿಯುತ್ತಾ ಬಂದಿರುವುದರಿಂದ ಕಡುಬು ಮೊದಲ ಮೂರು ದಿನ ಮಾತ್ರ ಇರುತ್ತದೆ. ತೊಡೆದೇವನ್ನು ಗ್ರಾಹಕರ ಎದುರಿಗೇ ಮಾಡಿಸುವುದು ಈ ಉತ್ಸವದ ಮುಖ್ಯ ಆಕರ್ಷಣೆ. ಮಡಕೆಯನ್ನು ಬೆಂಕಿಯ ಮೇಲೆ ಕವುಚಿ ಕಾಯಿಸಿ, ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಬೆನ್ನಿನ ಮೇಲೆ ಒಂದೇ ಸಲ ಎಳೆದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಟ್ಟು ಒಣಗಿ ತೆಳ್ಳನೆಯ ಹಾಳೆಯಾಗುತ್ತದೆ. ಅಂಚನ್ನು ಬಿಡಿಸಿ, ಬಿಸಿ ಇರುವಾಗಲೇ ಮಡಚಬೇಕು, ಆರಿದರೆ ಮುರಿಯುತ್ತದೆ. ಈ ಕೈಚಳಕ ನಮ್ಮ ಅಡುಗೆಯವರಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಸಾಗರ ತಾಲ್ಲೂಕಿನಿಂದ ಇಬ್ಬರು ಹಾಗೂ ತೀರ್ಥಹಳ್ಳಿ ಕಡೆಯಿಂದ ಒಬ್ಬರು, ಒಟ್ಟು ಮೂವರು ಅನುಭವಿ ಗೃಹಿಣಿಯರನ್ನು ಒಂಬತ್ತು ದಿನಗಳ ಮಟ್ಟಿಗೆ ಕರೆಸುತ್ತೇವೆ. ಅಡುಗೆಯ ವಿಷಯದಲ್ಲಿ ಅವರ ಮಾತೇ ಕೊನೆಯದು ಎಂದು ನಮ್ಮ ಮುಖ್ಯ ಬಾಣಸಿಗರು ಒಪ್ಪಿಕೊಂಡಿರುವುದು ಸಂತೋಷದ ಸಂಗತಿ.

ರಾತ್ರಿಯ ಊಟ ಜೀರಿಗೆ–ಕೊತ್ತಂಬರಿ ಕಷಾಯದಿಂದ ಆರಂಭವಾಗುತ್ತದೆ. ಅಕ್ಕಿ ಕಡುಬು, ಅಕ್ಕಿರೊಟ್ಟಿ, ನಾಟಿಕೋಳಿ ಸಾರು, ಕೋಳಿ ಹುರುಕಲು, ಹೊಳೆಮೀನಿನ ಸಾರು, ಹುರುಳಿಕಟ್ಟಿನ ಸಾರು, ಬಸಳೆ–ಹೆಸರುಕಾಳು, ಅಣಬೆ ಪಲ್ಯ, ಅನ್ನ, ಮುರುಗಲ ಹುಳಿಯ ಸಾರು ಮತ್ತು ತೊಡೆದೇವು ಇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಸಮುದ್ರದ ಮೀನನ್ನು ಸೇರಿಸಿಲ್ಲ, ಮಲೆನಾಡಿನ ಊಟಕ್ಕೆ ಅದರ ಅಗತ್ಯವೂ ಇಲ್ಲ. ಗದ್ದೆ ಏಡಿಯ ಸಾರನ್ನು ಕೆಲವರು ಕೇಳಬಹುದಾದರೂ ದಿನವೂ ಒಂದೇ ಗುಣಮಟ್ಟದ ಪೂರೈಕೆ ಸಾಧ್ಯವಿಲ್ಲದ್ದರಿಂದ ಬಿಟ್ಟಿದ್ದೇವೆ. ಕಾಡಿನ ಅಣಬೆಯನ್ನು ಯಾವ ಕಾರಣಕ್ಕೂ ಅಡುಗೆಮನೆಯ ಒಳಗೆ ಬಿಡುವುದಿಲ್ಲ, ಬೆಳೆಸಿದ ಅಣಬೆಯನ್ನೇ ಬಳಸುತ್ತೇವೆ. ಕೊಡಗು ಹತ್ತಿರವಿರುವುದರಿಂದ ಮದ್ದುಸೊಪ್ಪಿನ ಪಾಯಸವನ್ನೂ ಗ್ರಾಹಕರು ಕೇಳುತ್ತಾರೆ. ಅದು ಆಗಸ್ಟ್ 3ರ, ಅಂದರೆ ಕಕ್ಕಡ 18ರ ತಿನಿಸು, ಈ ವಾರಕ್ಕೆ ಸಲ್ಲದು.

ಸಾಮಗ್ರಿ ಮತ್ತು ಸಿದ್ಧತೆ

ಸೊಪ್ಪು, ಕೆಸು, ಕಳಲೆಗಳು ಸಾಗರದಿಂದ ತಾಳಗುಪ್ಪ–ಮೈಸೂರು ರೈಲಿನಲ್ಲಿ ಒಬ್ಬ ಸಿಬ್ಬಂದಿಯ ಜೊತೆಗೆ ಬರುತ್ತವೆ. ಭಾರದ ಸಾಮಗ್ರಿಗೆ ಎರಡು ಬಾರಿ ವಾಹನ ಕಳುಹಿಸುತ್ತೇವೆ. ಕಳಲೆಯ ಮೊದಲ ಕಂತು ಜುಲೈ 13ರಂದೇ ಅಡುಗೆಮನೆಯಲ್ಲಿ ಇರಬೇಕು. ಅತಿಥಿ ಅಡುಗೆಯವರ ವೈದ್ಯಕೀಯ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಪಡೆಯಲಾಗುವುದು. ಮಾರಾಟದ ಕೌಂಟರಿನಲ್ಲಿ ಇಡುವ ಅಪ್ಪೆಮಿಡಿ, ಹಪ್ಪಳ ಮತ್ತು ಒಣ ತೊಡೆದೇವುಗಳನ್ನು ಎಫ್‌ಎಸ್‌ಎಸ್‌ಎಐ ನೋಂದಣಿ ಇರುವ ಸ್ವಸಹಾಯ ಗುಂಪುಗಳಿಂದ ಮಾತ್ರ ಕೊಳ್ಳುತ್ತೇವೆ. ಜೂನ್ 27ರ ಶನಿವಾರ ಎರಡೂ ಊಟಗಳನ್ನು ಪ್ರಾಯೋಗಿಕವಾಗಿ ಮಾಡಿಸಲಿದ್ದು, ತಾವು ರುಚಿ ನೋಡಲು ಬರಬೇಕೆಂದು ವಿನಂತಿ.

ಪ್ರಚಾರ

ಅಲಂಕಾರಕ್ಕಿಂತ ಪ್ರಚಾರಕ್ಕೆ ಹೆಚ್ಚು ಖರ್ಚು ಮಾಡುವುದು ನಮ್ಮ ನಿಲುವು. ಥರ್ಮೋಕೋಲಿನ ಗುಡಿಸಲು ಮತ್ತು ಪ್ಲಾಸ್ಟಿಕ್ ಬಳ್ಳಿಗಳನ್ನು ಈ ಸಲ ಬಿಟ್ಟುಬಿಡೋಣ: ಅಡಿಕೆ ಹಾಳೆ, ಹಿತ್ತಾಳೆ ಪಾತ್ರೆ ಮತ್ತು ಬಾಗಿಲಲ್ಲಿ ಒಂದು ಕಂಬಳಿಕೊಪ್ಪೆ ಸಾಕು.

ತೊಡೆದೇವು ಎಳೆಯುವುದು, ಪತ್ರೊಡೆ ಸುತ್ತುವುದು ಮತ್ತು ಕಡುಬು ಹಬೆಯಿಂದ ಇಳಿಸುವುದರ ಕಿರು ವಿಡಿಯೋಗಳನ್ನು ಜುಲೈ 3ರಿಂದ ಇನ್‌ಸ್ಟಾಗ್ರಾಮಿನಲ್ಲಿ ಹಾಕಿ, ಮೈಸೂರು ಮತ್ತು ಮಂಡ್ಯದವರಿಗೆ ಕಾಣುವಂತೆ ಜಾಹೀರಾತು ನೀಡಲು 25,000 ರೂ., ಜುಲೈ 13ರಿಂದ ಎಫ್‌ಎಂ ರೇಡಿಯೋಗೆ 22,000 ರೂ., ಮುದ್ರಿತ ಫಲಕ ಮತ್ತು ಮೇಜಿನ ಕಾರ್ಡುಗಳಿಗೆ 10,000 ರೂ. ಹಾಗೂ ಜುಲೈ 15ರಂದು ಪತ್ರಕರ್ತರು ಮತ್ತು ಆಹಾರದ ಬಗ್ಗೆ ಬರೆಯುವವರಿಗೆ ಏರ್ಪಡಿಸುವ ಭೋಜನಕ್ಕೆ 15,000 ರೂ. ಬೇಕಾಗುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದದ್ದು ನಮ್ಮ ಖಾಯಂ ಗ್ರಾಹಕರ ವಾಟ್ಸಾಪ್ ಪಟ್ಟಿ. ಮೈಸೂರಿನಲ್ಲಿ ನೆಲೆಸಿರುವ ಮಲೆನಾಡಿನವರು ಬಂದು ಒಪ್ಪಿದರೆ ಉಳಿದವರನ್ನು ಅವರೇ ಕರೆತರುತ್ತಾರೆ.

ಆಯವ್ಯಯ

ಮಧ್ಯಾಹ್ನದ ಊಟಕ್ಕೆ 595 ರೂ. ಮತ್ತು ರಾತ್ರಿಯ ಊಟಕ್ಕೆ 895 ರೂ. ದರವನ್ನು ಪ್ರಸ್ತಾಪಿಸಿದ್ದೇವೆ. ನಮ್ಮ ಕೋಣೆಗಳ ಬಾಡಿಗೆ ದಿನಕ್ಕೆ 7,500 ರೂ. ಮೀರದ ಕಾರಣ ಇದರ ಮೇಲೆ ಶೇ. 5 ಜಿಎಸ್‌ಟಿ ಅನ್ವಯಿಸುತ್ತದೆ. ಖರೀದಿಯ ಮೇಲೆ ನಾವು ಕಟ್ಟುವ ತೆರಿಗೆ ಹಿಂದಿರುಗುವುದಿಲ್ಲವಾದ್ದರಿಂದ ಕೆಳಗಿನ ಖರ್ಚುಗಳಲ್ಲಿ ಅದೂ ಸೇರಿದೆ. ಏಳು ದಿನಗಳಲ್ಲಿ ಮಧ್ಯಾಹ್ನ 510 ಮತ್ತು ರಾತ್ರಿ 450, ಒಟ್ಟು 960 ಊಟಗಳನ್ನು ಅಂದಾಜಿಸಿದ್ದೇವೆ. ಭಾನುವಾರ ಮಧ್ಯಾಹ್ನಕ್ಕೆ 110 ಎಂದೂ, ಸೋಮವಾರದಿಂದ ಬುಧವಾರದವರೆಗೆ ದಿನಕ್ಕೆ 55 ಎಂದೂ ಹಿಡಿದಿದ್ದೇವೆ.

ಆದಾಯ:
ಮಧ್ಯಾಹ್ನದ ಊಟ: 3,03,450 ರೂ.
ರಾತ್ರಿಯ ಊಟ: 4,02,750 ರೂ.
ಕೌಂಟರ್ ಮಾರಾಟ: 45,000 ರೂ.
ಒಟ್ಟು: 7,51,200 ರೂ.

ಖರ್ಚು:
ಅಡುಗೆ ಸಾಮಗ್ರಿ (ಮಧ್ಯಾಹ್ನ ಊಟಕ್ಕೆ 175 ರೂ., ರಾತ್ರಿ 300 ರೂ.): 2,24,250 ರೂ.
ಕೌಂಟರಿನ ಸರಕು: 32,000 ರೂ.
ಅತಿಥಿ ಅಡುಗೆಯವರ ಗೌರವಧನ (ದಿನಕ್ಕೆ 2,500 ರೂ.) ಮತ್ತು ಪ್ರಯಾಣ: 76,500 ರೂ.
ಸಾಗಾಣಿಕೆ: 24,000 ರೂ.
ಅಲಂಕಾರ: 20,000 ರೂ.
ಪ್ರಚಾರ: 72,000 ರೂ.
ಕಡುಬಿನ ಪಾತ್ರೆ, ಮಡಕೆ, ಒಲೆ: 28,000 ರೂ.
ಬಡಿಸಲು ಆರು ಮಂದಿ ಹೆಚ್ಚುವರಿ ಸಿಬ್ಬಂದಿ: 33,600 ರೂ.
ಪ್ರಾಯೋಗಿಕ ಅಡುಗೆ: 15,000 ರೂ.
ಆಕಸ್ಮಿಕ ಖರ್ಚು: 25,000 ರೂ.
ಒಟ್ಟು: 5,50,350 ರೂ.

ಹೀಗೆ 2,00,850 ರೂ. ಉಳಿಯುತ್ತದೆಯಾದರೂ ಇಷ್ಟನ್ನೂ ಲಾಭವೆಂದು ತೋರಿಸುವುದು ಸರಿಯಲ್ಲ. ಉತ್ಸವವಿಲ್ಲದ ಆಷಾಢದ ವಾರದಲ್ಲಿಯೂ ರೆಸ್ಟೋರೆಂಟಿನಲ್ಲಿ ಸುಮಾರು 1,90,000 ರೂ. ವ್ಯಾಪಾರವಾಗಿ, ಸಾಮಗ್ರಿಯ ಖರ್ಚು ಕಳೆದು 1,25,000 ರೂ. ಉಳಿಯುತ್ತದೆ. ಉತ್ಸವ ಅದರ ಜಾಗವನ್ನು ಆಕ್ರಮಿಸುವುದರಿಂದ ನಿಜವಾದ ಹೆಚ್ಚುವರಿ ಉಳಿಕೆ 75,850 ರೂ. ಮಾತ್ರ. ಒಂದು ಊಟದಿಂದ ಸರಾಸರಿ 502 ರೂ. ಉಳಿಯುವ ಲೆಕ್ಕದಲ್ಲಿ, 960ರ ಬದಲು 809 ಊಟಗಳಷ್ಟೇ ಆದರೆ ನಮಗೆ ಹೆಚ್ಚೇನೂ ಸಿಗುವುದಿಲ್ಲ, ಅದಕ್ಕಿಂತ ಇಳಿದರೆ ನಷ್ಟ. ಪಾತ್ರೆಗಳು ನಮ್ಮಲ್ಲೇ ಉಳಿಯುತ್ತವೆ ಮತ್ತು ಆಕಸ್ಮಿಕ ನಿಧಿ ಪೂರ್ತಿ ಖರ್ಚಾಗಲಿಕ್ಕಿಲ್ಲ ಎಂಬುದಷ್ಟೇ ನಮಗಿರುವ ಸಡಿಲ.

ಈ ಕಾರಣದಿಂದ ಜುಲೈ 13ರ ಸಂಜೆಯ ಹೊತ್ತಿಗೆ ಮುಂಗಡ ಕಾಯ್ದಿರಿಸುವಿಕೆ 200 ಊಟಗಳನ್ನು ಮುಟ್ಟದಿದ್ದಲ್ಲಿ, ಸೋಮವಾರದಿಂದ ಬುಧವಾರದವರೆಗಿನ ರಾತ್ರಿಯ ಉತ್ಸವ ಊಟವನ್ನು ಕೈಬಿಟ್ಟು ಆ ಹೊತ್ತಿಗೆ ಎಂದಿನ ಮೆನುವನ್ನೇ ನಡೆಸಲು ಮತ್ತು ಹೆಚ್ಚುವರಿ ಸಿಬ್ಬಂದಿಯನ್ನು ಅದಕ್ಕೆ ತಕ್ಕಂತೆ ಇಳಿಸಲು ಅಧಿಕಾರ ನೀಡಬೇಕೆಂದು ಕೋರುತ್ತೇವೆ. ಅತಿಥಿ ಅಡುಗೆಯವರಿಗೆ ಒಪ್ಪಿದ ಗೌರವಧನವನ್ನು ಮಾತ್ರ ಆಗಲೂ ಪೂರ್ತಿಯಾಗಿ ಕೊಡತಕ್ಕದ್ದು.

ಅತಿಥಿ ಅಡುಗೆಯವರಿಗೆ ಮುಂಗಡ ಕಳುಹಿಸಬೇಕಾಗಿರುವುದರಿಂದ ಮತ್ತು ಉತ್ತಮ ಅಪ್ಪೆಮಿಡಿ ಈಗಲೇ ಕಾದಿರಿಸದಿದ್ದರೆ ಕೈತಪ್ಪುವ ಸಂಭವವಿರುವುದರಿಂದ, ಮೊದಲ ಕಂತಾಗಿ 90,000 ರೂ.ಗಳನ್ನು ಜೂನ್ 15ರ ಒಳಗೆ ಮಂಜೂರು ಮಾಡಿಕೊಡಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಆಹಾರ ಮತ್ತು ಪಾನೀಯ ವಿಭಾಗ